ಅಜ್ಜಿ ಗದ್ದದ ಹಚ್ಚಿ ಕಲೆ ಅಲ್ಲ: ಹಳೇ ಫೋಟೋ ರಿಪೇರಿ ಮಾಡಿದ ನನ್ನ ಅನುಭವ

ನಮ್ಮ ಅಜ್ಜ-ಅಜ್ಜಿ ಜೋಡಿ ಇರೋ ಫೋಟೋ ಉಳಿದಿರೋದು ಒಂದೇ ಒಂದು, ಗಂಗಾವತಿ ಸ್ಟುಡಿಯೋದಾಗ ತೆಗ್ಸಿದ್ದು, ಕಪ್ಪು-ಬಿಳುಪು. ಟ್ರಂಕಿನ್ಯಾಗ ಮಡಚಿ ಇಟ್ಟಿದ್ದಕ್ಕ ಮಡಿಕೆ ಗೆರಿ ಸೀದಾ ಅಜ್ಜಿ ಮುಖದ ಮ್ಯಾಲೆ ಬಂದೈತಿ, ಎಡಗಣ್ಣಿನ ಹತ್ರ ಪದರ ಎದ್ದು ಹೋಗಿ ಬರೇ ಬಿಳಿ ಕಾಗದ ಕಾಣ್ತೈತಿ, ಸುತ್ತ ಹಳದಿ ಕಲೆ ಬೇರೆ. ಮನ್ಯಾಗ ಹುಡುಗ್ರು ಮೊದ್ಲೇ ಇದನ್ನ ಫೋನಿನ ಆ್ಯಪ್‌ನ್ಯಾಗ ಹಾಕಿ ಫಳಫಳ ಹೊಳೆಯೋ ಮುಖ ತೆಗ್ದಿದ್ರು. ಅದನ್ನ ನೋಡಿ ನಮ್ಮ ಸೋದರತ್ತಿ ಕೇಳಿದ್ದು ಒಂದೇ ಮಾತು, "ಚಂದ ಬಂದೈತಪ್ಪ, ಆದ್ರ ನಮ್ಮವ್ವನ ಗದ್ದದ ಹಚ್ಚಿ ಎಲ್ಲಿ ಹೋತು?"

ಅದಕ್ಕ ಮೂಲ ಫೋಟೋ ಇಸ್ಕೊಂಡು ನಾನೇ ಕುಂತೆ. ಫ್ಲಾಟ್‌ಬೆಡ್ ಸ್ಕ್ಯಾನರ್‌ನ್ಯಾಗ 1200 ಡಿಪಿಐ, ಟಿಫ್ ಫೈಲ್, ಸ್ಕ್ಯಾನರಿನ ಆಟೋ ಕರೆಕ್ಷನ್ ಎಲ್ಲಾ ಆಫ್. ಫೋಟೋ ಕಪ್ಪು-ಬಿಳುಪು ಇದ್ರೂ ಸ್ಕ್ಯಾನ್ ಮಾತ್ರ ಕಲರ್‌ನ್ಯಾಗೇ ಮಾಡ್ರಿ, ಯಾಕಂದ್ರ ಕಲರ್ ಸ್ಕ್ಯಾನಿನ್ಯಾಗ ರೆಡ್, ಗ್ರೀನ್, ಬ್ಲೂ ಅಂತ ಬಣ್ಣದ ಮೂರು ಪಾಲು, ಅಂದ್ರ ಚಾನೆಲ್, ಇರ್ತಾವ, ಹಳದಿ ಕಲೆ ಬ್ಲೂ ಚಾನೆಲ್‌ನ್ಯಾಗ ಕಪ್ಪಗ ಎದ್ದು ಕಾಣ್ತೈತಿ, ರೆಡ್ ಚಾನೆಲ್‌ನ್ಯಾಗ ಹೆಚ್ಚುಕಮ್ಮಿ ಮಾಯ ಆಗ್ತೈತಿ, ಆದ್ರ ಫೋಟೋದ ಒಳಗಿನ ಕಪ್ಪು, ಅಂದ್ರ ಬೆಳ್ಳಿಯಿಂದ ಮೂಡಿದ್ದು, ಮೂರೂ ಚಾನೆಲ್‌ನ್ಯಾಗ ಇದ್ದೇ ಇರ್ತೈತಿ. ಜಿಂಪ್ ಅನ್ನೋ ಫೋಟೋ ತಿದ್ದೋ ಫ್ರೀ ಸಾಫ್ಟ್‌ವೇರಿನ್ಯಾಗ ಮೂರು ಚಾನೆಲ್ ಬಿಡಿಸಿ ಅಜ್ಜಿ ಗದ್ದ ದೊಡ್ಡದು ಮಾಡಿ ನೋಡಿದೆ. ಕೆನ್ನೆ ಮ್ಯಾಲಿನ ಮಚ್ಚಿ ರೆಡ್‌ನ್ಯಾಗ ಅಳಿಸಿ ಹೋತು, ಅಂದ್ರ ಅದು ಕಲೆ. ಗದ್ದದ ಮೂರು ಚುಕ್ಕಿ ಮೂರೂ ಕಡೆ ಹಂಗೇ ನಿಂತ್ವು. ಅದೇ ಹಚ್ಚಿ! ಆ್ಯಪ್ ಅದನ್ನ ಕಲೆ ಅಂತ ತಿಳ್ಕೊಂಡು ಒರೆಸಿ ಹಾಕಿತ್ತು. ಮುಂದಿನ ಕೆಲಸಕ್ಕೆಲ್ಲಾ ರೆಡ್ ಚಾನೆಲ್ಲೇ ತಗೊಂಡೆ, ಅರ್ಧ ಕಲೆ ಅಲ್ಲೇ ಕಡಿಮಿ ಆತು.

ಪರದೆ, ಸೀರಿ ಮೈ, ಅಜ್ಜನ ಅಂಗಿ ಮ್ಯಾಲಿನ ಗೆರಿ ತುಂಬೋದು ಕಷ್ಟ ಇಲ್ಲ. ಗೆರಿಯ ಎರಡೂ ಬಾಜೂ ಒಂದೇ ಬಟ್ಟಿ, ಒಂದೇ ಬೆಳಕು ಇದ್ರ ನಡುವ ಏನಿತ್ತು ಅನ್ನೋದಕ್ಕ ಫೋಟೋನೇ ಸಾಕ್ಷಿ ಐತಿ. ಲೇಯರಿನ ನಕಲು ಮಾಡಿ ಅದರ ಮ್ಯಾಲೆ ಹೀಲ್ ಟೂಲ್ ಹಿಡ್ದು ಬಾಜೂಕಿನ ತುಣುಕು ತಂದು ತುಂಬಿದೆ, ಮೂಲ ಸ್ಕ್ಯಾನ್ ಮುಟ್ಟಲಿಲ್ಲ.

ತಕರಾರು ಇರೋದು ಮುಖದ್ದು. ಕೋಡ್‌ಫಾರ್ಮರ್ ಅಂತ ಫ್ರೀ ಟೂಲ್ ಐತಿ, ಅದನ್ನ ತರಬೇತಿ ಮಾಡಿದ್ದು ಫ್ಲಿಕರ್‌ನಿಂದ ತಗೊಂಡ 70,000 ಮುಖಗಳ ಒಂದು ಸಂಗ್ರಹದಿಂದ, ಅಂದ್ರ ಮಸುಕಾದ ಜಾಗಕ್ಕ ಅದು ತುಂಬೋದು ತಾನು ಕಲ್ತ ಮುಖಗಳ ಅಂದಾಜು, ನಮ್ಮಜ್ಜಿ ಮುಖ ಅದಕ್ಕ ಗೊತ್ತಿಲ್ಲ. ಅದರಾಗ `-w` ಅಂತ ಒಂದು ಸೆಟ್ಟಿಂಗ್ ಐತಿ, 0 ಹತ್ರ ಹೋದಂಗ ನಯವಾದ ಚೊಕ್ಕ ಮುಖ, 1 ಹತ್ರ ಹೋದಂಗ ಮೂಲಕ್ಕ ನಿಯತ್ತು. ಮುಖದ ತುಣುಕನ್ನ ಪಿಎನ್‌ಜಿ ಮಾಡಿ ajji ಅನ್ನೋ ಫೋಲ್ಡರಿನ್ಯಾಗ ಇಟ್ಟು ನಾನು ಎರಡೂ ತುದಿ ಓಡಿಸಿದೆ:

```
python inference_codeformer.py -w 0.2 --input_path ajji
python inference_codeformer.py -w 0.9 --input_path ajji
```

ಎರಡು ರಿಸಲ್ಟ್‌ನೂ ಒಂದರ ಮ್ಯಾಲೊಂದು ಲೇಯರ್ ಇಟ್ಟು ಮ್ಯಾಲಿಂದರ ಮೋಡ್ ಡಿಫರೆನ್ಸ್ ಮಾಡಿದ್ರ, ಎರಡರಾಗೂ ಒಂದೇ ಇದ್ದದ್ದು ಕಪ್ಪಾಗಿ ಕಾಣ್ತೈತಿ, ಬ್ಯಾರೆ ಇದ್ದದ್ದು ಬೆಳ್ಳಗ ಹೊಳಿತೈತಿ. ಮೂಗಿನ ಅಂಚು, ಬಲಗಣ್ಣು ಹೆಚ್ಚುಕಮ್ಮಿ ಕಪ್ಪಿದ್ವು. ಹೊಳೆದದ್ದು ಎಡಗಣ್ಣು, ರೆಪ್ಪೆ ಕೂದಲು, ಮತ್ತ ತುಟಿ ನಡುವೆ. 0.2ರಾಗ ಸಾಲಾಗಿ ಹಲ್ಲು ಬಂದಿದ್ವು, ಮೂಲ ಸ್ಕ್ಯಾನ್‌ನ್ಯಾಗ ಅಲ್ಲಿ ಬರೇ ಒಂದು ಕಪ್ಪು ಗೆರಿ! ಅಜ್ಜಿ ಬಾಯಿ ಮುಚ್ಚಿಕೊಂಡೇ ನಿಂತಾಳ. ಆಮೇಲೆ ಮುಖದ ಸುತ್ತ ಕತ್ತರಿಸೋ ಜಾಗ ಒಂಚೂರು ಸರಿಸಿ ಮತ್ತೆ ಓಡಿಸಿದ್ರ ಎಡಗಣ್ಣಿನ ರೆಪ್ಪೆ ಆಕಾರನೇ ಬದಲಾತು. ಫೋಟೋದಾಗ ನಿಜವಾಗ್ಲೂ ಇರೋದು ಇಷ್ಟಕ್ಕೆಲ್ಲಾ ಬದಲಾಗಲ್ಲ.

ಹಂಗಂತ ಬದಲಾಗದೇ ಇದ್ದದ್ದೆಲ್ಲಾ ಖರೇ ಅಂತಲ್ಲ, ಮಷೀನು ಎರಡೂ ಸಲ ಒಂದೇ ಸುಳ್ಳು ಸೇರಿಸಬಹುದು. ಗದ್ದದ ಹಚ್ಚಿನ ನೋಡ್ರಿ, 0.2ರಾಗ ಪೂರ್ತಿ ಇಲ್ಲ, 0.9ರಾಗೂ ಅಳಿಸಿ ಹೋಗಿತ್ತು, ಎರಡೂ ಕಡೆ ಬರೇ ಚರ್ಮ, ಡಿಫರೆನ್ಸ್‌ನ್ಯಾಗ ಏನೂ ಹೊಳೀಲಿಲ್ಲ. ಅದಕ್ಕ ಕಡೀಕ ಪ್ರತಿ ರಿಸಲ್ಟ್‌ನೂ ಮೂಲ ಸ್ಕ್ಯಾನ್ ಜೋಡಿನೇ ತಾಳೆ ನೋಡಬೇಕು.

ಅದಕ್ಕ ಮಷೀನಿನ ಮುಖ ಒಂದ್ ತುಣುಕೂ ತಗೊಳ್ಳಲಿಲ್ಲ. ಕೆನ್ನೆ ಮ್ಯಾಲಿನ ಗೆರಿ ಕೈಲೇ ತುಂಬಿದೆ. ಎಡಗಣ್ಣಿನ ಎದ್ದು ಹೋದ ಜಾಗಕ್ಕ ಸುತ್ತಲಿನ ಚರ್ಮದ ಬೂದು ಬಣ್ಣ ಮಾತ್ರ ಕೊಟ್ಟೆ, ಗುಡ್ಡಿ ಬರೀಲಿಲ್ಲ, ಬಲಗಣ್ಣು ತಿರುಗಿಸಿ ಅಂಟಿಸಲೂ ಇಲ್ಲ. ದೂರದಿಂದ ನೋಡಿದ್ರ ಅಲ್ಲಿ ನೆರಳು ಬಿದ್ದಂಗ ಕಾಣ್ತೈತಿ, ಹತ್ರ ಬಂದ್ರ ಅಲ್ಲಿ ಏನೋ ಹೋಗೈತಿ ಅಂತ ತಿಳಿತೈತಿ, ನನಗ ಬೇಕಿದ್ದದ್ದೂ ಅದೇ. ಬಣ್ಣನೂ ಹಾಕಲಿಲ್ಲ, ಸೀರಿ ಕೆಂಪೋ ಹಸಿರೋ ಬೂದು ನೋಡಿ ಹೇಳಾಕ ಬರಂಗಿಲ್ಲ.

ವಾಟ್ಸಾಪಿನ್ಯಾಗ ಫೋಟೋ ಅಂತ ಕಳ್ಸಿದ್ರ ಫೈಲಿನ ಒಳಗ ಬರೆದ ಮಾಹಿತಿ ಉಳಿಯಂಗಿಲ್ಲ. ಹಂಗಾಗಿ ಫೋಟೋದ ಕೆಳಗ ಬಿಳಿ ಪಟ್ಟಿ ಬಿಟ್ಟು "ಎಡಗಣ್ಣು, ಕೆನ್ನೆ, ಬಟ್ಟೆ, ಪರದೆಯ ಗೆರೆ ತುಂಬಿದ್ದು, ಉಳಿದದ್ದು ಮೂಲ" ಅಂತ ಅದರ ಮ್ಯಾಲೇ ಬರೆದೆ, ಮೂಲ ಸ್ಕ್ಯಾನ್ ಡಾಕ್ಯುಮೆಂಟ್ ಅಂತ ಬ್ಯಾರೆ ಕಳ್ಸಿದೆ, ಎರಡೂ ಮನಿ ಗ್ರೂಪಿನ್ಯಾಗ ಅದಾವು. ಸೋದರತ್ತಿಗೆ ಕೊಟ್ಟ ಪ್ರಿಂಟ್ ಹಿಂದನೂ ಪೆನ್ಸಿಲ್‌ಲೇ ಅದನ್ನೇ ಬರೆದೀನಿ.