ನೀಲಿ ಪ್ಯಾಂಟು, ಕಂದು ಶೂ, ನಡುವೆ ಒಂದು ಕಪ್ಪು ಪಟ್ಟಿ

ಇಂಗ್ಲೆಂಡಿಗೆ ಕೆಲಸಕ್ಕೆ ಹೊರಟಿದ್ದೀರಾ? ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡೋಣ. ಇ-ವೀಸಾ ಖಾತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರು, ಬ್ಯಾಂಕು, ಜಿಪಿ ಅನ್ನುವ ಅಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆಸುವುದು: ಹೋದ ಎರಡು ವಾರದೊಳಗೆ ಇದಕ್ಕೆಲ್ಲ ಕೈಹಾಕಿ. ಇದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಯಾರೂ ಹೇಳದೇ ಹೋಗಿದ್ದು ಸಾಕ್ಸ್ ವಿಷಯ. ನಗಬೇಡಿ.

ನಾನು ದಾವಣಗೆರೆಯವನು. ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲಕ್ಕೆ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲುಗಳು ಮುಚ್ಚಿದವು, ನಾನು ಹೋಗಿ ನಿಜವಾದ ಮ್ಯಾಂಚೆಸ್ಟರಿಗೇ ಬಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ. ಹೊಸ ನೇವಿ ಬ್ಲೂ ಪ್ಯಾಂಟು, ಕಂದು ಲೆದರ್ ಶೂ, ಶೂ ಬಣ್ಣದ್ದೇ ಬೆಲ್ಟು. ಕನ್ನಡಿ ಮುಂದೆ ನಿಂತಾಗ ಮದುಮಗನ ಹಾಗಿದ್ದೆ. ಆಫೀಸಿನಲ್ಲಿ ಮೀಟಿಂಗಿಗೆ ಅಂತ ತಗ್ಗಿನ ಸೋಫಾದಲ್ಲಿ ಕೂರಿಸಿದರು. ಕೂತ ಕೂಡಲೇ ಪ್ಯಾಂಟು ಗೇಣುದ್ದ ಮೇಲೆ ಹೋಯಿತು. ಕಂದು ಶೂ, ಅದರ ಮೇಲೆ ಗಿಡ್ಡ ಕಪ್ಪು ಸಾಕ್ಸ್, ಅದರ ಮೇಲೆ ಎರಡು ಬೆರಳಷ್ಟು ಕೂದಲು ತುಂಬಿದ ಬರಿಗಾಲು, ಆಮೇಲೆ ನೀಲಿ ಪ್ಯಾಂಟು. ಸಾಲದ್ದಕ್ಕೆ ಎಡಗಾಲಿನ ಎಲಾಸ್ಟಿಕ್ ಸತ್ತುಹೋಗಿತ್ತು. ಎದುರಿಗಿದ್ದವರು ಏನೂ ಹೇಳಲಿಲ್ಲ. ಕಣ್ಣು ಒಂದೇ ಸಲ ಕೆಳಗೆ ಹೋಗಿ ಬಂತು. ಮುಂದಿನ ಒಂದು ಗಂಟೆ ನಾನು ಕೇಳಿಸಿಕೊಂಡಿದ್ದು ಕಮ್ಮಿ, ಪ್ಯಾಂಟು ಎಳೆದುಕೊಂಡಿದ್ದೇ ಜಾಸ್ತಿ.

ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ಸ್ಕೂಲಿಂದ! ಕಪ್ಪು ಶೂಗೆ ಕಪ್ಪು ಸಾಕ್ಸ್, ಶನಿವಾರ ಬಿಳಿ ಕ್ಯಾನ್ವಾಸಿಗೆ ಬಿಳಿ ಸಾಕ್ಸ್. ಸಾಕ್ಸ್ ಅಂದರೆ ಶೂ ಜೊತೆ ಬರೋದು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಆಗ ನಾವು ಹಾಕುತ್ತಿದ್ದುದು ಚಡ್ಡಿ. ಮೊಣಕಾಲು ಪೂರ್ತಿ ಬಯಲು. ಸಾಕ್ಸು ಪ್ಯಾಂಟಿಗೆ ಹೊಂದಬೇಕೆಂದರೆ ಪ್ಯಾಂಟಾದರೂ ಇರಬೇಕಲ್ವಾ? ದೊಡ್ಡವರಾದ ಮೇಲೂ ಯಾರ ಮನೆಗೆ ಹೋದರೂ ಶೂ ಬಾಗಿಲ ಹೊರಗೇ ಇರುತ್ತದೆ. ಶೂ, ಸಾಕ್ಸ್, ಪ್ಯಾಂಟು ಮೂರನ್ನೂ ಒಟ್ಟಿಗೆ, ಕೂತ ಭಂಗಿಯಲ್ಲಿ, ನಮ್ಮಲ್ಲಿ ನೋಡುವವರೇ ಕಡಿಮೆ.

ಪ್ಯಾಂಟು ಹಾಕಿದಾಗ ಸಾಕ್ಸ್ ಪ್ಯಾಂಟಿನ ಕಡೆಯದು. ಪ್ಯಾಂಟಿನ ಬಣ್ಣವೇ ಕೆಳಗಿಳಿದು ಶೂ ಒಳಗೆ ಹೋದ ಹಾಗೆ ಕಾಣಬೇಕು. ಆಗ ಕಾಲು ಒಂದೇ ಗೆರೆ. ಕಂದು ಶೂ, ನೀಲಿ ಪ್ಯಾಂಟಿನ ನಡುವೆ ಕಪ್ಪು ಬಂದರೆ ಅದು ಎರಡಕ್ಕೂ ಸೇರದ ಮೂರನೆಯ ಬಣ್ಣ. ಕಾಲನ್ನು ಅಲ್ಲೇ ತುಂಡು ಮಾಡಿದಂತೆ ಕಾಣುತ್ತದೆ. ಅಲ್ಲಿಗೆ ಬೇಕಾದದ್ದು ನೇವಿ ಸಾಕ್ಸ್. ಪ್ಯಾಂಟಿನ ಬಣ್ಣವೇ ಕರಾರುವಾಕ್ಕಾಗಿ ಸಿಗುವುದಿಲ್ಲ, ಒಂದು ಛಾಯೆ ಗಾಢವಾದದ್ದು ತಗೊಳ್ಳಿ. ತಿಳಿಯಾದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬೂದು ಪ್ಯಾಂಟಿಗೆ ಕಪ್ಪು ಶೂ ಇದ್ದರೂ ಇದೇ ಲೆಕ್ಕ: ಕಡು ಬೂದು ಸಾಕ್ಸ್. ಖಾಕಿ ಪ್ಯಾಂಟು, ಕಂದು ಶೂ ಇದ್ದರೆ ಪ್ಯಾಂಟಿಗಿಂತ ಗಾಢ, ಶೂಗಿಂತ ತಿಳಿ, ನಡುವಿನ ಕಂದು. ಬಿಳಿ ಸಾಕ್ಸು ಜಿಮ್ಮಿಗೆ.

ಬೇರೆ ಬಣ್ಣವೇ ಬೇಡ ಅಂತಲ್ಲ. ನೇವಿ ಪ್ಯಾಂಟಿನ ಕೆಳಗೆ ಮರೂನ್ ಅಥವಾ ಕಡು ಹಸಿರು ಚೆನ್ನಾಗಿಯೇ ಕಾಣುತ್ತದೆ, ಬೇಕೆಂದೇ ಹಾಕಿದ್ದು ಅಂತ ಗೊತ್ತಾಗುತ್ತದೆ. ಕೆಡುವುದು ಹತ್ತಿರಹತ್ತಿರ ಬಂದು ತಪ್ಪಿದಾಗ. ನೇವಿಗೆ ಕಪ್ಪು, ಬೂದಿಗೆ ನೀಲಿಬೂದು. ಇದನ್ನು ನನಗೆ ಅರ್ಥ ಮಾಡಿಸಿದ್ದು ಅಲ್ಲೇ ಹುಟ್ಟಿದ ನನ್ನ ಮಗಳು. ಅಲ್ಲಿನ ಶಾಲೆಗಳಲ್ಲಿ ನವೆಂಬರಿನಲ್ಲಿ ಆಡ್ ಸಾಕ್ಸ್ ಡೇ ಮಾಡುತ್ತಾರೆ. ಎಲ್ಲರೂ ಬೇರೆಬೇರೆ ಎನ್ನುವುದಕ್ಕೆ, ಒಂದು ಕಾಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು. ಅವಳು ಒಂದು ಹಳದಿ, ಒಂದು ನೇರಳೆ ಹಾಕಿಕೊಂಡು ನನ್ನ ಕಾಲು ನೋಡಿದಳು. ಗಡಿಬಿಡಿಯಲ್ಲಿ ನಾನು ಒಂದು ಕಪ್ಪು, ಒಂದು ನೀಲಿ ಹಾಕಿದ್ದೆ. "ನಂದು ಡಿಸೈನ್, ನಿಂದು ಮಿಸ್ಟೇಕ್" ಅಂದಳು. ಕನ್ನಡದಲ್ಲಿ ಅವಳು ಪೂರ್ತಿ ಆಡುವ ವಾಕ್ಯಗಳೇ ಕಡಿಮೆ. ಅದರಲ್ಲೂ ಕನ್ನಡ ಎಷ್ಟಿತ್ತು ನೋಡಿ.

ಬಣ್ಣ ಸರಿಯಾದರೂ ಉದ್ದ ಕೈಕೊಡುತ್ತದೆ. ಪಾದದ ಗಂಟಿನ ಮೇಲೆ ನಾಲ್ಕು ಬೆರಳು ಬಂದು ನಿಲ್ಲುವ ಸಾಕ್ಸ್ ನಿಂತಾಗ ಸಾಕು, ಕೂತಾಗ ಸಾಲದು. ಮೀನಖಂಡದ ಅರ್ಧಕ್ಕಾದರೂ ಬರಬೇಕು. ಮೊಣಕಾಲ ಕೆಳಗಿನವರೆಗೆ ಬರುವುದು ಇನ್ನೂ ಗಟ್ಟಿ. ಅದರ ಬಾಯಿ ಮೀನಖಂಡದ ಉಬ್ಬು ದಾಟಿ ಮೇಲೆ ಕೂರುವುದರಿಂದ ಜಾರಲು ದಾರಿಯೇ ಇರುವುದಿಲ್ಲ. ಪೂರ್ತಿ ಹತ್ತಿಯದು ಅಂತ ಹೆಮ್ಮೆಯಿಂದ ತಗೊಂಡು ಹೋಗಬೇಡಿ. ನಾವು ಹತ್ತಿ ಊರಿನವರು, ನನಗೂ ಆ ಹೆಮ್ಮೆ ಇತ್ತು. ಬರೀ ಹತ್ತಿ ಒಮ್ಮೆ ಹಿಗ್ಗಿದರೆ ವಾಪಸ್ ಬರುವುದಿಲ್ಲ. ಸ್ವಲ್ಪ ನೈಲಾನ್, ಸ್ವಲ್ಪ ಎಲಾಸ್ಟೇನ್ ಇರಲಿ. ಒಗೆದು ಡ್ರೈಯರಿಗೆ ಹಾಕಬೇಡಿ, ಆ ಬಿಸಿಗೆ ಎಲಾಸ್ಟಿಕ್ ಬೇಗ ಸಾಯುತ್ತದೆ. ಪರೀಕ್ಷೆ ಸುಲಭ: ಪ್ಯಾಂಟು, ಶೂ ಹಾಕಿ ತಗ್ಗಿನ ಕುರ್ಚಿಯಲ್ಲಿ ಕೂತು ಕಾಲಮೇಲೆ ಕಾಲು ಹಾಕಿ. ಚರ್ಮ ಕಂಡರೆ ಆ ಜೊತೆ ಆಫೀಸಿಗಲ್ಲ.

ಹೋದ ಸಲ ರಜೆಗೆ ಊರಿಗೆ ಬಂದಾಗ ಅಕ್ಕನ ಮಗ ಹೊರಡುವ ತಯಾರಿಯಲ್ಲಿದ್ದ. ಬೆಣ್ಣೆದೋಸೆ ಮುಗಿಸಿ ಇಬ್ಬರೂ ಮಂಡಿಪೇಟೆಗೆ ಹೋದೆವು. ನೇವಿ ಸಾಕ್ಸ್ ಕೇಳಿದ್ದಕ್ಕೆ ಅಂಗಡಿಯವರು ಎರಡು ಜೊತೆ ಮುಂದಿಟ್ಟರು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ.

"ಎರಡೂ ನೇವಿನೇ ಸರ್."

ನಮ್ಮ ದೊಡ್ಡಪ್ಪ ಮಿಲ್ಲಿನಲ್ಲಿದ್ದವರು. ಬಟ್ಟೆ ಕೊಳ್ಳುವಾಗ ಥಾನಿನ ತುದಿ ಹಿಡಿದು ಅಂಗಡಿ ಮೆಟ್ಟಿಲಿಗೆ ಬರುತ್ತಿದ್ದರು, ದೀಪದ ಬೆಳಕಲ್ಲಿ ಬಣ್ಣ ನೋಡಬಾರದು ಅಂತ. ನಮಗೆ ನಾಚಿಕೆಯಾಗುತ್ತಿತ್ತು. ಹುಡುಗನ ಕೈಗೆ ಎರಡನ್ನೂ ಕೊಟ್ಟು, ಪ್ಯಾಂಟಿನ ಪಕ್ಕ ಇಟ್ಟು ಬಿಸಿಲಲ್ಲಿ ನೋಡಿ ಬಾ ಎಂದೆ. ರಸ್ತೆ ಬದಿ ಬಗ್ಗಿ ನಿಂತು, ಒಂದೊಂದಾಗಿ ಪ್ಯಾಂಟಿಗೆ ಹಿಡಿದು ನೋಡಿದ.

"ಮಾವ, ಇದು ಕಪ್ಪು!"

ನೇವಿಯದೇ ಆರು ಜೊತೆ ತಗೊಂಡೆವು, ಎಲ್ಲ ಒಂದೇ ಥರದ್ದು. ಒಂದು ಕಳೆದರೂ ಉಳಿದವು ಜೊತೆಯಾಗುತ್ತವೆ. ರಾತ್ರಿ ಅಕ್ಕ ಪೆಟ್ಟಿಗೆ ತುಂಬುತ್ತ ಅವನ್ನು ಕಂದು ಶೂ ಒಳಗೆ ತುರುಕಿದಳು, ಪಕ್ಕಕ್ಕೆ ಶೇಂಗಾ ಚಟ್ನಿಪುಡಿ. ಆಮೇಲೆ ಬೀರುವಿನಿಂದ ಅವನ ಹಳೆಯ ಕಪ್ಪು ಸಾಕ್ಸ್ ಎರಡು ಜೊತೆ ತಂದಳು.

"ಇವೂ ಇರ್ಲಿ. ಮನೇಲಿ ಹಾಕ್ಕೊಳ್ತಾನೆ."

ಬೇಡ ಅನ್ನಲಿಲ್ಲ. ಜನವರಿಯಲ್ಲಿ ಅಲ್ಲಿ ನೆಲ ಕೊರೆಯುತ್ತದೆ.