ಬ್ಯಾಂಕಿನ ಭಯಕ್ಕೆ ಕೊಂಡ ಚಿನ್ನ: ನನ್ನ ದರದ ಪುಸ್ತಕ ತೋರಿಸಿದ್ದು

2020ರ ಮಾರ್ಚ್ 5ರ ಸಂಜೆ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿತ್ತು. ಖಾತೆಯಿಂದ 50 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ದಾವಣಗೆರೆಯ ಮಂಡಿಪೇಟೆಯ ಅಂಗಡಿಗೆ ಹೊರಡುವ ಹೊತ್ತಿಗೆ ಚಿತ್ರದುರ್ಗದಿಂದ ಅಕ್ಕನ ಫೋನ್ ಬಂತು. ಅವಳ ಹಣ ಆ ಬ್ಯಾಂಕಿನಲ್ಲಿ ಇರಲಿಲ್ಲ. ಆದರೂ ಅವಳ ದನಿ ನಡುಗುತ್ತಿತ್ತು. "ಇವತ್ತು ಅದು, ನಾಳೆ ನಮ್ಮದು. ಇರುವುದನ್ನು ತೆಗೆದು ಚಿನ್ನ ಮಾಡಿಸಿಬಿಡೋಣ, ನೀನೇ ನೋಡಿ ಕೊಡಿಸು" ಎಂದಳು.

ನಾನು ಚಿನ್ನದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಆ ದಿನ ನನಗೂ ಅವಳ ಮಾತು ಸರಿಯೆಂದೇ ಕಂಡಿತು. 10 ಗ್ರಾಂ ಅಪರಂಜಿಗೆ ಸುಮಾರು 44 ಸಾವಿರ ದರವಿತ್ತು. 20 ಗ್ರಾಂ ನಾಣ್ಯ ಕೊಡಿಸಿದೆ. ಶೇಕಡಾ 3ರ ಜಿಎಸ್‌ಟಿ ಸೇರಿ 90 ಸಾವಿರ ದಾಟಿತು. ಹತ್ತು ಹನ್ನೆರಡು ದಿನಗಳಲ್ಲಿ ದರ 40 ಸಾವಿರದ ಆಸುಪಾಸಿಗೆ ಇಳಿಯಿತು. ಮಾರ್ಚ್ 18ಕ್ಕೆ ಆ ಬ್ಯಾಂಕಿನ ನಿರ್ಬಂಧವೂ ತೆರವಾಯಿತು. ಭಯ ಹುಟ್ಟಿದ ದಿನ ಕೊಂಡ ನಾಣ್ಯ, ಭಯ ತಣ್ಣಗಾದ ದಿನ 10 ಸಾವಿರ ರೂಪಾಯಿ ಕಳೆದುಕೊಂಡು ಅಕ್ಕನ ಬೀರುವಿನಲ್ಲಿ ಕುಳಿತಿತ್ತು.

ಬ್ಯಾಂಕ್ ಮುಳುಗುವ ಸುದ್ದಿಗೆ ಚಿನ್ನ ಏರಲೇಬೇಕಲ್ಲ, ಏಕೆ ಇಳಿಯಿತು ಎಂದು ನಾನು ಆಗಲೇ ಕೂತು ಲೆಕ್ಕ ಹಾಕತೊಡಗಿದೆ. ಅಲ್ಲಿಯವರೆಗೆ ನಾನು ಬರೆದಿಡುತ್ತಿದ್ದದ್ದು ಬೋರ್ಡಿನ ದರ ಮಾತ್ರ. ಅಂದಿನಿಂದ ಅದರ ಪಕ್ಕದಲ್ಲಿ ಒಂದು ಔನ್ಸಿಗೆ ಎಷ್ಟು ಡಾಲರ್, ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬ ಎರಡು ಕಾಲಂಗಳನ್ನು ಸೇರಿಸಿದೆ. ನಮ್ಮ ಬೋರ್ಡಿನ ದರ ಈ ಎರಡರಿಂದಲೇ ಹುಟ್ಟುತ್ತದೆ. ಔನ್ಸಿನ ಡಾಲರ್ ದರವನ್ನು ಒಂದು ಡಾಲರಿನ ರೂಪಾಯಿ ಬೆಲೆಯಿಂದ ಗುಣಿಸಿ, ಚಿನ್ನದ ಒಂದು ಔನ್ಸ್ ಎಂದರೆ 31.1 ಗ್ರಾಂ ಆದ್ದರಿಂದ ಅದರಿಂದ ಭಾಗಿಸಿ, ಮೇಲೆ ಆಮದು ಸುಂಕ ಸೇರಿಸಿದರೆ ಒಂದು ಗ್ರಾಮಿನ ದರ ಹೆಚ್ಚುಕಡಿಮೆ ಕೈಗೆ ಸಿಗುತ್ತದೆ. ಈ ಲೆಕ್ಕದಲ್ಲಿ ನಮ್ಮ ದೇಶದ ಬ್ಯಾಂಕಿಗೆ ಜಾಗವೇ ಇಲ್ಲ. ಇಲ್ಲಿನ ಬ್ಯಾಂಕಿನ ಮುಂದೆ ಎಷ್ಟು ಉದ್ದದ ಸಾಲು ನಿಂತರೂ ಲಂಡನ್ನಿನಲ್ಲಿ ನಿಗದಿಯಾಗುವ ಔನ್ಸಿನ ದರಕ್ಕೆ ಅದು ತಿಳಿಯುವುದಿಲ್ಲ. 2020ರ ಮಾರ್ಚಿನಲ್ಲಿ ಚಿನ್ನ ಇಳಿದದ್ದು ಕೊರೊನಾದ ಹೊಡೆತಕ್ಕೆ. ಷೇರುಗಳಲ್ಲಿ ನಷ್ಟ ಹೊತ್ತ ದೊಡ್ಡ ಹೂಡಿಕೆದಾರರು ನಗದು ಹೊಂದಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿದರು, ಚಿನ್ನವನ್ನೂ ಮಾರಿದರು.

ಹಾಗಾದರೆ ದೊಡ್ಡ ದೇಶದ ಬ್ಯಾಂಕ್ ಮುಳುಗಿದರೆ? ಅದಕ್ಕೆ ಉತ್ತರ ಸಿಕ್ಕಿದ್ದು 2023ರಲ್ಲಿ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಮಾರ್ಚ್ 9ರ ಒಂದೇ ದಿನ 42 ಶತಕೋಟಿ ಡಾಲರ್ ಹೊರಗೆ ಹೋಯಿತು. ಮರುದಿನ ಬ್ಯಾಂಕ್ ಮುಚ್ಚಿತು. ಮಾರ್ಚ್ 19ಕ್ಕೆ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಯುಬಿಎಸ್‌ಗೆ ಮಾರಾಟವಾಗುವುದು ನಿಶ್ಚಯವಾಯಿತು. ನನ್ನ ಪುಸ್ತಕದಲ್ಲಿ ಮಾರ್ಚ್ 9ಕ್ಕೆ ಔನ್ಸಿಗೆ ಸುಮಾರು 1,830 ಡಾಲರ್, ರೂಪಾಯಿ 82 ಎಂದಿದೆ. ಆಗಿದ್ದ ಶೇಕಡಾ 15ರ ಸುಂಕ ಸೇರಿಸಿದರೆ 10 ಗ್ರಾಮಿಗೆ 55,500ರ ಹತ್ತಿರ ಬರುತ್ತದೆ. ಮಾರ್ಚ್ 20ಕ್ಕೆ ಸುಮಾರು 1,980 ಡಾಲರ್, ರೂಪಾಯಿ 82.6. ಈಗ ಲೆಕ್ಕ 60,500ರ ಹತ್ತಿರ ನಿಲ್ಲುತ್ತದೆ. ವಾಯಿದಾ ಮಾರುಕಟ್ಟೆಯಲ್ಲಿ ಚಿನ್ನ ಮೊದಲ ಸಲ 60 ಸಾವಿರ ದಾಟಿದ್ದು ಅದೇ ದಿನ. ಹನ್ನೊಂದು ದಿನಗಳಲ್ಲಿ ಶೇಕಡಾ 9ರ ಏರಿಕೆ.

ಈ ಸಲ ಭಯಕ್ಕೆ ದರ ಏರಿತು, ನಿಜ. ಆದರೆ ಆ ಏರಿಕೆ ಯಾರಿಗೆ ದಕ್ಕಿತು ಎಂಬುದನ್ನು ಮಾರಾಟದ ಬಿಲ್ಲುಗಳಲ್ಲಿ ನೋಡಬೇಕು. ನಮ್ಮ ಊರಿನಲ್ಲಿ ಮೊದಲ ಮೂರು ನಾಲ್ಕು ದಿನ ಆ ಬ್ಯಾಂಕಿನ ಹೆಸರು ಕೇಳಿದವರೇ ಕಡಿಮೆ. ಟಿವಿಯಲ್ಲಿ ದಿನವಿಡೀ ಸುದ್ದಿ ಬರತೊಡಗಿ, ಪತ್ರಿಕೆಯ ಮುಖಪುಟದಲ್ಲಿ "60 ಸಾವಿರ" ಎಂದು ಅಚ್ಚಾದ ಮೇಲೆ ಜನ ವಿಚಾರಿಸಲು ಬಂದರು. ಮಾರ್ಚ್ 22ಕ್ಕೆ ಯುಗಾದಿ ಇದ್ದುದರಿಂದ ಹಬ್ಬದ ಖರೀದಿ ಯಾವುದು, ಭಯದ ಖರೀದಿ ಯಾವುದು ಎಂದು ಬಿಡಿಸುವುದು ಕಷ್ಟವಿತ್ತು. ನಾನು ಒಂದು ಕೆಲಸ ಮಾಡಿದೆ. ಒಡವೆ ಕೊಂಡವರನ್ನು ಬಿಟ್ಟು ಗಟ್ಟಿ ಮತ್ತು ನಾಣ್ಯ ಕೊಂಡವರನ್ನಷ್ಟೇ ಎಣಿಸಿದೆ, ಏಕೆ ಕೊಳ್ಳುತ್ತಿದ್ದೀರಿ ಎಂದು ಕೇಳಿ ಬಿಲ್ಲಿನ ಹಿಂದೆ ಒಂದು ಗುರುತು ಹಾಕಿದೆ. ಬ್ಯಾಂಕಿನ ಹೆಸರು ಹೇಳಿದವರಲ್ಲಿ ಒಬ್ಬರೂ ಏರಿಕೆಯ ಮೊದಲ ವಾರದಲ್ಲಿ ಬಂದಿರಲಿಲ್ಲ. ಎಲ್ಲರೂ 60 ಸಾವಿರದ ಆಸುಪಾಸಿನಲ್ಲಿ ಕೊಂಡವರೇ. ಅದೇ ವಾರ ಅವರಿಗಿಂತ ಹೆಚ್ಚು ಮಂದಿ ಹಳೇ ಚಿನ್ನ ತಂದು ಹಣ ಮಾಡಿಕೊಂಡು ಹೋದರು.

ಮುಂದೇನಾಯಿತು? ಮೇ ಮೊದಲ ವಾರ, ಅಮೆರಿಕದಲ್ಲಿ ಇನ್ನೊಂದು ಬ್ಯಾಂಕ್ ಕುಸಿದಾಗ ದರ ಇನ್ನಷ್ಟು ಮೇಲೆ ಹೋಗಿ, ಅಲ್ಲಿಂದ ನಿಧಾನವಾಗಿ ಇಳಿಯಿತು. ಅಕ್ಟೋಬರ್ ಮೊದಲ ವಾರಕ್ಕೆ ಡಾಲರಿನಲ್ಲಿ 1,820. ಭಯ ಶುರುವಾಗುವ ಮೊದಲಿದ್ದ ಜಾಗಕ್ಕೇ ಬಂದಿತ್ತು. ಮಾರ್ಚ್ 20ಕ್ಕೆ 10 ಗ್ರಾಂ ನಾಣ್ಯಕ್ಕೆ ಜಿಎಸ್‌ಟಿ ಸೇರಿ 62 ಸಾವಿರದಷ್ಟು ಕೊಟ್ಟವರು ಆಗ ಮಾರಲು ಬಂದಿದ್ದರೆ 56 ಸಾವಿರದ ಸುತ್ತ ಸಿಗುತ್ತಿತ್ತು. ನಾಣ್ಯದ ಬದಲು ಒಡವೆ ಮಾಡಿಸಿದ್ದರೆ ಕೂಲಿ, ವೇಸ್ಟೇಜು ಎರಡೂ ಹೋಗಿ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು.

ಏರಿದ್ದೇಕೆ, ಇಳಿದಿದ್ದೇಕೆ ಎಂಬುದು ಬಡ್ಡಿಯ ಕಾಲಂ ಸೇರಿಸಿದಾಗ ಸ್ಪಷ್ಟವಾಯಿತು. ಬ್ಯಾಂಕುಗಳು ಬಿದ್ದ ಕೂಡಲೇ, ಅಮೆರಿಕದ ಕೇಂದ್ರ ಬ್ಯಾಂಕ್ ಇನ್ನು ಬಡ್ಡಿ ಏರಿಸಲಾರದು, ಇಳಿಸಲೂಬಹುದು ಎಂದು ಮಾರುಕಟ್ಟೆ ಅಂದಾಜು ಹಾಕಿತು. ಅಲ್ಲಿನ ಎರಡು ವರ್ಷದ ಸರ್ಕಾರಿ ಬಾಂಡಿನ ಇಳುವರಿ ಶೇಕಡಾ 5ರಿಂದ ಕೆಲವೇ ದಿನಗಳಲ್ಲಿ 4ರ ಹತ್ತಿರಕ್ಕೆ ಬಿತ್ತು. ಚಿನ್ನ ಬಡ್ಡಿ ಕೊಡುವುದಿಲ್ಲ. ಬಾಂಡಿನ ಬಡ್ಡಿ ಇಳಿದರೆ ಚಿನ್ನ ಇಟ್ಟುಕೊಳ್ಳುವವನಿಗೆ ತಪ್ಪುವ ಗಳಿಕೆಯೂ ಇಳಿಯುತ್ತದೆ. ಠೇವಣಿದಾರರಿಗೆ ಹಣ ಸಿಕ್ಕಿ, ಬಡ್ಡಿ ಮತ್ತೆ ಏರಿದಾಗ ಚಿನ್ನ ಕೆಳಗಿಳಿಯಿತು. ಹಾಗಾಗಿ ಬ್ಯಾಂಕ್ ಸುದ್ದಿ ಬಂದಾಗ ಈಗ ನಾನು ಮೊದಲು ನೋಡುವುದು ಆ ಇಳುವರಿಯನ್ನು. ಅದು ಅಲುಗದಿದ್ದರೆ ಆ ಸುದ್ದಿಗೆ ಚಿನ್ನ ಏರುತ್ತದೆಂದು ನಾನು ನಂಬುವುದಿಲ್ಲ.

ಅಕ್ಕ ಇದನ್ನು ಒಪ್ಪುವುದಿಲ್ಲ. "ನಾನು 44ಕ್ಕೆ ಕೊಂಡದ್ದು ಆಗಸ್ಟಿಗೆ 56 ಆಯಿತಲ್ಲ?" ಎನ್ನುತ್ತಾಳೆ. ಆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕೊರೊನಾ ಕಾಲದಲ್ಲಿ ಜಗತ್ತಿನೆಲ್ಲೆಡೆ ಬಡ್ಡಿ ನೆಲಕ್ಕಿಳಿದುದರ ಫಲ. ಅವಳು ಕೊಂಡದ್ದು ಬ್ಯಾಂಕಿನಲ್ಲಿ ಹಣ ಸಿಕ್ಕಿಕೊಳ್ಳುತ್ತದೆ ಎಂಬ ಭಯಕ್ಕೆ. ಆ ಭಯಕ್ಕೆ ಬೇಕಿದ್ದ ಮದ್ದು ಬೇರೆ ಇತ್ತು. ಅದೇ ವರ್ಷದ ಫೆಬ್ರವರಿ 4ರಿಂದ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತ್ತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. ಅವಳ ಹಣ ಅದರೊಳಗೇ ಇತ್ತು. ಅದನ್ನು ಅಂದು ಬೆಳಿಗ್ಗೆ ಫೋನಿನಲ್ಲೇ ಹೇಳಬೇಕಿತ್ತು, ನಾನು ಹೇಳಲಿಲ್ಲ. ಅದರ ನೋವು ನನಗೆ ಇಂದಿಗೂ ಇದೆ.

2025ರ ಫೆಬ್ರವರಿ 13ರಂದು ಮುಂಬೈಯ ಸಹಕಾರಿ ಬ್ಯಾಂಕೊಂದರಲ್ಲಿ ಹಣ ತೆಗೆಯುವುದನ್ನೇ ನಿಲ್ಲಿಸಲಾಯಿತು. 14ರಂದು ಟಿವಿ ತುಂಬ ಸಾಲು ನಿಂತ ಜನ. ಅದೇ 14ರಂದು ಜಾಗತಿಕ ಮಾರುಕಟ್ಟೆಯಲ್ಲಿ ಚಿನ್ನ ಶೇಕಡಾ ಒಂದೂವರೆಯಷ್ಟು ಇಳಿಯಿತು. ಮರುದಿನ ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬಂದು, ಒಂದೇ ಸಹಕಾರಿ ಬ್ಯಾಂಕಿನಲ್ಲಿ 8 ಲಕ್ಷ ಇದೆ, ಪೂರ್ತಿ ಗಟ್ಟಿ ಕೊಡಿ ಎಂದರು. ನಾನು ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ. "ಮೇಷ್ಟ್ರೇ, ನಾಲ್ಕು ಲಕ್ಷ ಅಲ್ಲೇ ಇರಲಿ, ಉಳಿದದ್ದನ್ನು ಬೇರೆ ಬ್ಯಾಂಕಿಗೆ ಹಾಕಿ. ಬಡ್ಡಿ ಬೆಳೆದರೂ ಎರಡೂ ವಿಮೆಯೊಳಗೇ ಇರುತ್ತವೆ. ಮೊಮ್ಮಗಳ ಮದುವೆಗೆ ಬೇಕಿದ್ದರೆ ಮಾತ್ರ ಚಿನ್ನ ಕೊಳ್ಳಿ" ಎಂದೆ. ಅವರು ಬಹಳ ಹೊತ್ತು ಅಂಕಿಗಳ ಮೇಲೆ ಬೆರಳಾಡಿಸುತ್ತ ಕುಳಿತರು. ಮದುವೆ ಮುಂದಿನ ವರ್ಷ ಎಂದು ಹೇಳಿ 8 ಗ್ರಾಮಿನ ಒಂದು ನಾಣ್ಯ ಮಾತ್ರ ತೆಗೆದುಕೊಂಡು ಹೋದರು.