ಪ್ಯಾನೆಲ್ ನಡುವೆ ಬರುತ್ತಿದ್ದ ಬಿರುಕು ನಿಂತದ್ದು ಹೀಗೆ

ಕಲಬುರಗಿ ಹತ್ತಿರದ ಒಂದು ಕಾಸ್ಟಿಂಗ್ ಯಾರ್ಡ್. ಕಾಂಕ್ರೀಟ್ ಪ್ಯಾನೆಲ್ 6 ಮೀಟರ್ ಉದ್ದ, 1.2 ಮೀಟರ್ ಅಗಲ, 120 ಮಿ.ಮೀ. ದಪ್ಪ. ಅಚ್ಚಿನಿಂದ ಎತ್ತಿದ ಮೇಲೆ ತಳದ ನಡುಭಾಗದಲ್ಲಿ ಅಡ್ಡಕ್ಕೆ ಕೂದಲೆಳೆಯ ಬಿರುಕು. ನೀರು ಚಿಮುಕಿಸಿ ಒಣಗಲು ಬಿಟ್ಟರೆ ಬಿರುಕಿನ ಗೆರೆ ಮಾತ್ರ ಕಪ್ಪಾಗಿ ಉಳಿಯುತ್ತಿತ್ತು.

ಮೊದಲು ಅನುಮಾನ ಬಂದದ್ದು ಕಾಂಕ್ರೀಟಿನ ಮೇಲೆ. ಆದರೆ ತಪ್ಪಿದ್ದದ್ದು ಪ್ಯಾನೆಲ್ ಎತ್ತುವ ಹುಕ್ಕಿನ ಜಾಗ: ತುದಿಯಿಂದ ಬರೀ ಅರ್ಧ ಮೀಟರ್. ಸ್ವಂತ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್. ಎಣ್ಣೆ ಹಚ್ಚಿದ ಉಕ್ಕಿನ ಅಚ್ಚು ಕಚ್ಚಿ ಹಿಡಿಯುವ ಬಲಕ್ಕೆ ಇನ್ನೊಂದು ಕಿಲೋನ್ಯೂಟನ್. ಒಟ್ಟು 4 ಹಿಡಿದರೆ ನಡುವಿನ ಬಾಗು ಒತ್ತಡ ಸುಮಾರು 5 ಮೆಗಾಪಾಸ್ಕಲ್. ಎತ್ತುವ ಹೊತ್ತಿಗೆ ಕಾಂಕ್ರೀಟಿನ ಬಲ 15 ಮೆಗಾಪಾಸ್ಕಲ್. ಅದು ಬಾಗುವಾಗ ಸುಮಾರು 2.7ಕ್ಕೇ ಬಿರಿಯುತ್ತದೆ.

ಹುಕ್ಕುಗಳನ್ನು ಉದ್ದದ 0.207 ಪಾಲಿಗೆ, ಅಂದರೆ ತುದಿಯಿಂದ 1.24 ಮೀಟರಿಗೆ ಸರಿಸಿದೆವು. ಹುಕ್ಕಿನ ಮೇಲಿನ ಬಾಗು, ನಡುವಿನ ಬಾಗು ಎರಡೂ ಸಮನಾಗಿ ಒತ್ತಡ 1.3ಕ್ಕೆ ಇಳಿಯಿತು. ಆದರೆ ಹುಕ್ಕಿನ ಬಳಿ ಎಳೆತ ಪ್ಯಾನೆಲಿನ ಮೇಲಿನ ಮುಖಕ್ಕೆ ಬರುವುದರಿಂದ ಅಲ್ಲಿಯೂ ಸರಳು ಬೇಕೇ ಬೇಕು.

ಕಚ್ಚುವ ಬಲವನ್ನು ಕ್ರೇನಿನ ಜಗ್ಗಾಟಕ್ಕೆ ಬಿಡಬಾರದು. ಬದಿಯ ಹಲಗೆಗಳನ್ನು ಪೂರ್ತಿ ಬಿಚ್ಚಿ, ಉದ್ದನೆಯ ಒಂದು ಅಂಚಿಗೆ ಮರದ ಬೆಣೆ ಕೊಟ್ಟು, ಹಗ್ಗ ಬಿಗಿಮಾಡಿ, ಗಾಳಿ ಒಳಹೋಗುವ ತನಕ ಕಾಯಬೇಕು. ಅಚ್ಚಿನಲ್ಲಿ ಕ್ಯೂರಿಂಗ್ ನೀರು ನಿಂತಿದ್ದರೆ ಹಿಡಿತ ಈ ಲೆಕ್ಕ ಮೀರುತ್ತದೆ. ಮೊದಲು ಅದನ್ನು ಹರಿಸಿಬಿಡಿ.